ಬಸ್ಸಿನಲ್ಲಿ ಬಂದ ಔಷಧಿ ಕ್ಯಾನುಗಳು: ಒಬ್ಬ ಕಂಡಕ್ಟರನ ರಿಪೇರಿ ಪುಸ್ತಕದಿಂದ

ನಮ್ಮದು ಹಿರಿಯೂರು–ಧರ್ಮಪುರ ರೂಟಿನ ಪ್ರೈವೇಟ್ ಬಸ್. ನಾನು ಅದರ ಕಂಡಕ್ಟರ್. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಹಳ್ಳಿಗಳಿಂದ ಪೇಟೆಗೆ ಜನ ಬರುತ್ತಾರೆ, ಸಂಜೆಯ ಟ್ರಿಪ್ಪಿನಲ್ಲಿ ಅದೇ ಮುಖಗಳು ವಾಪಸ್ ಹೋಗುತ್ತವೆ. ನಡುವೆ ಹನ್ನೊಂದರಿಂದ ಒಂದೂವರೆಯ ತನಕ ಗಾಡಿ ಹಿರಿಯೂರಿನಲ್ಲೇ ನಿಂತಿರುತ್ತದೆ. ಈ ಎರಡೂವರೆ ಗಂಟೆಯೇ ಮುಂದೆ ನನ್ನ ವರ್ಕ್‌ಶಾಪ್ ಆಯಿತು.

ಮಳೆಗಾಲದಲ್ಲಿ ನಮ್ಮ ಬಸ್ಸಿಗೆ ಹತ್ತುವ ಲಗೇಜಿನಲ್ಲಿ ಹದಿನಾರು ಲೀಟರಿನ ಬ್ಯಾಟರಿ ಕ್ಯಾನುಗಳು ಬಹಳ. ಬೆನ್ನಿಗೆ ಹಾಕಿಕೊಂಡು ಬೆಳೆಗೆ ಔಷಧಿ ಹೊಡೆಯುತ್ತಾರಲ್ಲ, ಅವು. ಪೇಟೆಯಿಂದ ಹಳ್ಳಿಗೆ ಹೊಸ ಕ್ಯಾನು ಹೋಗುವುದು ಸಹಜ. ಇವು ಹಳ್ಳಿಯಿಂದ ಪೇಟೆಗೆ ಬರುತ್ತಿದ್ದವು, ಕೆಟ್ಟು. ಬೆಳಿಗ್ಗೆ ಕ್ಯಾನು ಹೊತ್ತು ತಂದವನು ಸಂಜೆ ಬರಿಗೈಯಲ್ಲಿ ಬಸ್ಸು ಹತ್ತುತ್ತಿದ್ದ. ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಬೆಳಿಗ್ಗೆ ಬರಿಗೈಯಲ್ಲಿ ಹತ್ತಿ, ಸಂಜೆ ಕ್ಯಾನು ಹಿಡಿದು ಇಳಿಯುತ್ತಿದ್ದ. ನಾಲ್ಕೂ ಟಿಕೆಟ್ ಹರಿದವನು ನಾನೇ. ರಿಪೇರಿ ಅಂಗಡಿಯವರಿಗೆ ಇದು ಕಾಣುತ್ತಿರಲಿಲ್ಲ. ಅವರ ಪಾಲಿಗೆ ಬಂದದ್ದು ಒಂದು ಕ್ಯಾನು, ಅಷ್ಟೆ.

ಒಂದು ಆಷಾಢದಲ್ಲಿ ಒಂದು ವಾರ ಪೂರ್ತಿ ಮೋಡ ಕವಿದಿತ್ತು, ತುಂತುರು ಬಿಡಲಿಲ್ಲ. ಈರುಳ್ಳಿಗೆ ನೇರಳೆ ಮಚ್ಚೆ ರೋಗ ಬೀಳುವುದು ಇಂಥ ಹವೆಯಲ್ಲೇ. ಒಬ್ಬ ಅಜ್ಜ ಬರಿಗೈಯಲ್ಲಿ ಸಂಜೆ ಬಸ್ಸಿಗೆ ಬಂದು ಹಿಂದಿನ ಸೀಟಿನಲ್ಲಿ ಕೂತರು.

"ಕ್ಯಾನು ಎಲ್ಲಜ್ಜ?" ಎಂದೆ.

"ನಾಳಿದ್ದು ಬಾ ಅಂದ್ರು ಕಣಪ್ಪ. ನಾಳಿದ್ದಿನ ತನಕ ರೋಗ ನಿಂತ್ಕಂಡು ಕಾಯ್ತೈತಾ? ಗರಿ ತುದಿ ಆಗ್ಲೇ ಒಣಗ್ತಾ ಬಂದೈತೆ."

ಅವತ್ತಿನಿಂದ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಬರೆಯಲು ಶುರು ಮಾಡಿದೆ: ಯಾವ ಊರಿನ ಕ್ಯಾನು, ಏನಾಗಿತ್ತು, ಅಂಗಡಿಯಲ್ಲಿ ಏನು ಮಾಡಿದರು, ಎಷ್ಟು ತೆಗೆದುಕೊಂಡರು, ಎಷ್ಟು ದಿನ ಹೋಯಿತು. ಆ ಹಂಗಾಮು ಮುಗಿಯುವಷ್ಟರಲ್ಲಿ 63 ಕ್ಯಾನು ಬರೆದಿದ್ದೆ. ಅದರಲ್ಲಿ 38ಕ್ಕೆ "ಬ್ಯಾಟರಿ ಹೋಗಿದೆ" ಎಂದು ಹೊಸ ಬ್ಯಾಟರಿ ಹಾಕಿದ್ದರು. ಒಂದು ಬ್ಯಾಟರಿಗೆ ಸಾವಿರ ರೂಪಾಯಿಯ ಆಸುಪಾಸು. ಇಷ್ಟೊಂದು ಬ್ಯಾಟರಿ ನಿಜವಾಗಿಯೂ ಸತ್ತಿದ್ದವೇ ಅನ್ನುವ ಸಂಶಯ ನನಗೆ ಅಲ್ಲಿಂದಲೇ ಹುಟ್ಟಿತು.

ಕ್ಯಾನು 1

ಮೊದಲು ಬಿಚ್ಚಿದ್ದು ನಮ್ಮ ಭಾವನ ಮನೆಯ ಅಟ್ಟದ ಮೇಲೆ ಎಸೆದಿದ್ದ ಕ್ಯಾನು. ತಳದ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಒಳಗಿರುವುದು ಇಷ್ಟೇ: ಹನ್ನೆರಡು ವೋಲ್ಟಿನ ಸೀಲ್ಡ್ ಬ್ಯಾಟರಿ, ಅಂಗೈಯಗಲದ ಡಯಾಫ್ರಮ್ ಪಂಪು, ಆನ್–ಆಫ್ ಸ್ವಿಚ್ಚು, ವೇಗ ಹೆಚ್ಚುಕಮ್ಮಿ ಮಾಡುವ ಒಂದು ನಾಬು, ಚಾರ್ಜರ್ ಸಿಕ್ಕಿಸುವ ತೂತು. ಪಂಪಿನ ತಲೆಯ ಮೇಲೆ ಪ್ರೆಶರ್ ಸ್ವಿಚ್ ಇರುತ್ತದೆ. ಕೈಹಿಡಿಯ ಟ್ರಿಗರ್ ಬಿಟ್ಟಾಗ ಪೈಪಿನಲ್ಲಿ ಒತ್ತಡ ಏರಿ, ಆ ಸ್ವಿಚ್ಚು ಪಂಪನ್ನು ತಾನೇ ನಿಲ್ಲಿಸುತ್ತದೆ. ಟ್ರಿಗರ್ ಒತ್ತಿದರೆ ಮತ್ತೆ ಓಡುತ್ತದೆ.

ಭಾವನ ಕ್ಯಾನಿನಲ್ಲಿ ಪಂಪು ಗುರ್ ಎಂದು ಓಡುತ್ತಿತ್ತು, ಆದರೆ ನಾಜಲ್‌ನಲ್ಲಿ ಹನಿ ಬರುತ್ತಿರಲಿಲ್ಲ. ಸದ್ದು ಬರುತ್ತಿದೆ ಎಂದರೆ ಬ್ಯಾಟರಿ, ಸ್ವಿಚ್ಚು, ವೈರು ಮೂರೂ ಬದುಕಿವೆ. ನೀರು ಎಳೆಯುವ ಕಡೆ ಗಾಳಿ ಸೇರುತ್ತಿರಬೇಕು, ಇಲ್ಲವೇ ಪಂಪಿನೊಳಗಿನ ವಾಲ್ವ್ ಹಿಡಿದಿರಬೇಕು. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪು ಕಿತ್ತು, ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಓಡಿಸಿದೆ. ಪಂಪು ಸರಿಯಿದ್ದರೆ ಬೆರಳನ್ನು ಒಳಕ್ಕೆ ಎಳೆಯಬೇಕು. ಎಳೆಯಲಿಲ್ಲ.

ಪಂಪಿನ ತಲೆ ಬಿಚ್ಚಿದೆ. ಒಳಗೆ ರಬ್ಬರಿನ ಪುಟ್ಟ ವಾಲ್ವ್‌ಗಳ ಅಡಿಯಲ್ಲಿ ಹಳದಿ ಪುಡಿ ಸುಣ್ಣದ ಹೆಪ್ಪಿನಂತೆ ಗಟ್ಟಿಯಾಗಿತ್ತು. ಮ್ಯಾಂಕೋಜೆಬ್‌ನಂಥ ಪುಡಿ ಔಷಧಿ ನೀರಿನಲ್ಲಿ ಕರಗುವುದಿಲ್ಲ, ತೇಲಿಕೊಂಡಿರುತ್ತದೆ ಅಷ್ಟೆ. ಹೊಡೆದಾದ ಮೇಲೆ ಬರೀ ನೀರು ಹಾಕಿ ಪಂಪು ಓಡಿಸದೆ ಹಾಗೇ ಇಟ್ಟರೆ ಅದು ವಾಲ್ವ್ ಮೇಲೆ ಒಣಗಿ ಕೂರುತ್ತದೆ. ವಾಲ್ವ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಸಂದು ಉಳಿದರೂ ಪಂಪು ನೀರೆಳೆಯುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಪಿನ್ನು, ಬ್ಲೇಡು ಹಾಕಬಾರದು, ರಬ್ಬರಿಗೆ ಗೀರು ಬಿದ್ದರೆ ಮುಗಿಯಿತು. ತಿರುಗಿ ಜೋಡಿಸುವಾಗ ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಒಂದೇ ಕಡೆ ಪೂರ್ತಿ ಬಿಗಿದರೆ ಡಯಾಫ್ರಮ್ ಓರೆಯಾಗಿ ಸೋರುತ್ತದೆ.

ನೀರು ಬಂತು. ಖರ್ಚು ಸೊನ್ನೆ. ಹಿಂದಿನ ವರ್ಷ ಇದೇ ದೂರಿಗೆ ಭಾವ ಹೊಸ ಬ್ಯಾಟರಿ ಹಾಕಿಸಿದ್ದ.

ಅವತ್ತು ನಾನು ಮಾಡಿದ ದೊಡ್ಡ ತಪ್ಪು ಬರಿಗೈಯಲ್ಲಿ ಕೆಲಸ ಮಾಡಿದ್ದು. ರಾತ್ರಿ ಬೆರಳ ಸಂದಿಯೆಲ್ಲ ಉರಿ, ಕಣ್ಣಲ್ಲಿ ನೀರು. ಒಣಗಿದ ಪುಡಿಯೂ ವಿಷವೇ. ಕಂಡಕ್ಟರನ ಕೈ ದಿನಕ್ಕೆ ನೂರಾರು ಜನರ ಕೈಗೆ ದುಡ್ಡು ಕೊಡುತ್ತದೆ, ಮಕ್ಕಳ ಕೈಗೂ. ಅಂದಿನಿಂದ ಒಂದು ಷರತ್ತು ಇಟ್ಟೆ, ಇವತ್ತಿಗೂ ಬಿಟ್ಟಿಲ್ಲ: ಕ್ಯಾನು ಮೂರು ಸಲ ತೊಳೆದು, ಆ ನೀರನ್ನು ತಮ್ಮ ಹೊಲದಲ್ಲೇ ಹೊಡೆದು, ಖಾಲಿ ಮಾಡಿ ತಂದರೆ ಮಾತ್ರ ಬಸ್ಸಿಗೆ ಹತ್ತಿಸುವುದು. ಬಿಚ್ಚುವಾಗ ರಬ್ಬರ್ ಗ್ಲೌಸು, ಮುಗಿದ ಮೇಲೆ ಸೋಪು.

ಬ್ಯಾಟರಿ ನೋಡುವುದು ಕಲಿತದ್ದು

ಎರಡನೆಯ ಪಾಠಕ್ಕೆ ಆರು ತಿಂಗಳು ಹಿಡಿಯಿತು. ಪೇಟೆಯ ಅಂಗಡಿಗಳು ಬದಲಾಯಿಸಿ ಬಿಸಾಕಿದ ಹಳೆಯ ಬ್ಯಾಟರಿಗಳನ್ನು ಗುಜರಿ ಬೆಲೆಗೆ ಕೊಂಡು ತಂದೆ, ಹನ್ನೆರಡು. ಮಲ್ಟಿಮೀಟರ್ ಇಟ್ಟು ನೋಡಿದರೆ ಒಂಬತ್ತು ಬ್ಯಾಟರಿ 12.4ರ ಮೇಲೆ ತೋರಿಸಿದವು. ಎಲ್ಲವೂ ಚೆನ್ನಾಗಿವೆ ಎಂದು ಹಿಗ್ಗಿ, ಅದರಲ್ಲಿ ಒಂದನ್ನು ಊರಿನವನ ಕ್ಯಾನಿಗೆ ಹಾಕಿಕೊಟ್ಟೆ. ಅರ್ಧ ಟ್ಯಾಂಕಿಗೇ ಪಂಪು ನರಳಿ ನಿಂತಿತಂತೆ. ಮರುದಿನ ಬಸ್ಸಿನಲ್ಲೇ ಎಲ್ಲರೆದುರು ಬೈದ. ದುಡ್ಡು ವಾಪಸ್ ಕೊಟ್ಟೆ.

ಸುಮ್ಮನಿರುವ ಬ್ಯಾಟರಿಯ ವೋಲ್ಟೇಜ್ ನೋಡಿ ಮೋಸಹೋಗಿದ್ದೆ. ಬ್ಯಾಟರಿಗೆ ಕೆಲಸ ಕೊಟ್ಟು, ಕೆಲಸ ಮಾಡುತ್ತಿರುವಾಗ ಅಳೆಯಬೇಕು. ಕ್ಯಾನಿನ ಪಂಪು ಸುಮಾರು ಎರಡು–ಮೂರು ಆಂಪಿಯರ್ ಎಳೆಯುತ್ತದೆ. ಅಷ್ಟೇ ಎಳೆಯುವ ಏನಾದರೊಂದು ಬೇಕಿತ್ತು. ನಮ್ಮ ಡ್ರೈವರಣ್ಣ ಬಸ್ಸಿನ ಹಳೆಯ ಹೆಡ್‌ಲೈಟ್ ಬಲ್ಬು ಕೊಟ್ಟ. ಅದು ಮಿಣಮಿಣ ಉರಿಯಿತು. ಬಸ್ಸಿನದು ಇಪ್ಪತ್ನಾಲ್ಕು ವೋಲ್ಟು, ಇಲ್ಲಿ ನಡೆಯುವುದಿಲ್ಲ. ಕೊನೆಗೆ ಬೈಕ್ ಮೆಕ್ಯಾನಿಕ್ ಹತ್ತಿರ 12 ವೋಲ್ಟ್ 35 ವ್ಯಾಟಿನ ಹೆಡ್‌ಲೈಟ್ ಬಲ್ಬು ತಂದೆ. ಮೂವತ್ತೈದನ್ನು ಹನ್ನೆರಡರಿಂದ ಭಾಗಿಸಿದರೆ ಹತ್ತಿರ ಹತ್ತಿರ ಮೂರು ಆಂಪಿಯರ್, ಪಂಪಿನಷ್ಟೇ ಹೊರೆ. ಹೋಲ್ಡರಿಗೆ ಎರಡು ವೈರು, ತುದಿಗೆ ಎರಡು ಕ್ಲಿಪ್ಪು. ಇದೇ ನನ್ನ ಇಡೀ ಲ್ಯಾಬು.

ರಾತ್ರಿಯೆಲ್ಲ ಚಾರ್ಜ್ ಮಾಡಿ, ಒಂದೆರಡು ಗಂಟೆ ಬಿಟ್ಟು, ಬಲ್ಬು ಸಿಕ್ಕಿಸಿ ಐದು ನಿಮಿಷ ಮೀಟರ್ ನೋಡುತ್ತೇನೆ. 12ರ ಆಸುಪಾಸು ನಿಂತರೆ ಬ್ಯಾಟರಿ ಗಟ್ಟಿ. 10.5ರ ಕೆಳಕ್ಕೆ ಜಾರಿದರೆ ಹೋಯಿತು. ನಡುವೆ ಎಲ್ಲೋ ನಿಂತದ್ದನ್ನು ಇನ್ನೊಂದು ಸಲ ಚಾರ್ಜ್ ಹಾಕಿ ನೋಡುತ್ತೇನೆ. ಬೈಸಿಕೊಂಡ ಬ್ಯಾಟರಿ ಸುಮ್ಮನಿದ್ದಾಗ 12.6 ಇತ್ತು. ಬಲ್ಬು ಹಾಕಿ ಎರಡು ನಿಮಿಷಕ್ಕೆ 8.4ಕ್ಕೆ ಬಿತ್ತು. ಹನ್ನೆರಡರಲ್ಲಿ ನಿಜವಾಗಿ ಬದುಕಿದ್ದವು ನಾಲ್ಕೇ ನಾಲ್ಕು. ಅಂಗಡಿಯವರ ಮೇಲೆ ನಾನು ಪಟ್ಟ ಸಂಶಯ ಅರ್ಧ ಸರಿ, ಅರ್ಧ ತಪ್ಪು. ಬಹಳ ಬ್ಯಾಟರಿಗಳು ನಿಜಕ್ಕೂ ಸತ್ತಿದ್ದವು. ಹಾಗಾದರೆ ಇಷ್ಟು ಬೇಗ ಯಾಕೆ ಸಾಯುತ್ತವೆ ಅನ್ನುವುದು ಮುಂದಿನ ಪ್ರಶ್ನೆಯಾಯಿತು.

ಬ್ಯಾಟರಿ ಬಿಚ್ಚದೆ ತಿಳಿಯುವ ಗುರುತೊಂದಿದೆ, ರೈತರಿಗೂ ಹೇಳಿಕೊಡುತ್ತೇನೆ. ಪೂರ್ತಿ ಖಾಲಿಯಾದ ಕ್ಯಾನನ್ನು ಚಾರ್ಜಿಗೆ ಹಾಕಿದರೆ ಚಾರ್ಜರಿನ ಕೆಂಪು ದೀಪ ಗಂಟೆಗಟ್ಟಲೆ ಇರಬೇಕು. ಹತ್ತೇ ನಿಮಿಷಕ್ಕೆ ಹಸಿರಾದರೆ ಅದು ತುಂಬಿದ್ದಲ್ಲ, ಬ್ಯಾಟರಿ ಕರೆಂಟು ತೆಗೆದುಕೊಳ್ಳುತ್ತಲೇ ಇಲ್ಲ. ಆದರೆ ಹೊಸ ಬ್ಯಾಟರಿ ಕೊಳ್ಳುವ ಮೊದಲು ಚಾರ್ಜಿಂಗ್ ತೂತಿನ ವೈರು ನೋಡಬೇಕು. ಔಷಧಿ ನೀರು ಸೋರಿ ಅಲ್ಲಿನ ಬೆಸುಗೆ ಹಸಿರು ಕಟ್ಟಿ ಬಿಟ್ಟುಹೋಗಿದ್ದರೂ ದೀಪ ಹಾಗೇ ತೋರಿಸುತ್ತದೆ. ಹತ್ತು ರೂಪಾಯಿಯ ಕೆಲಸಕ್ಕೆ ಸಾವಿರ ಕೊಟ್ಟವರನ್ನು ನೋಡಿದ್ದೇನೆ.

ಬಸ್ಸಿನ ಟೈಮಿಗೆ ಕೆಲಸ ಹೊಂದಿಸಿದ್ದು

ಎರಡನೆಯ ಮಳೆಗಾಲಕ್ಕೆ ಓನರ್ ಹತ್ತಿರ ಹೋಗಿ ಕೇಳಿದೆ. ಮಧ್ಯಾಹ್ನದ ಹೊತ್ತು ಟೂಲ್ ಡಬ್ಬಿ ಒಂದು, ಕ್ಯಾನು ಒಂದೆರಡು ಇಟ್ಟುಕೊಂಡು ಕೂರುತ್ತೇನೆ, ಟ್ರಿಪ್ಪು ಒಂದು ನಿಮಿಷ ತಡವಾಗುವುದಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಲಗೇಜ್ ಚಾರ್ಜ್ ಮಾತ್ರ ಲೆಕ್ಕಕ್ಕೆ ಬರಬೇಕಪ್ಪ" ಎಂದರು. ನ್ಯಾಯವೇ. ಕ್ಯಾನಿಗೆ ಹೋಗಿಬರುವ ಲಗೇಜ್ ಟಿಕೆಟ್ ಬೇರೆಯಾಗಿ ಹರಿದು ಅವರ ಲೆಕ್ಕಕ್ಕೇ ಕಟ್ಟುತ್ತಾ ಬಂದೆ. ನನ್ನ ಕೂಲಿ ಬೇರೆ ಪುಸ್ತಕ.

ಪದ್ಧತಿ ಸರಳ. ಬೆಳಿಗ್ಗೆ ರೈತ ಸ್ಟಾಪಿನಲ್ಲಿ ಕ್ಯಾನು ಕೊಡುತ್ತಾನೆ, ತಾನು ಬರಬೇಕಿಲ್ಲ. ಟಿಕೆಟ್ಟಿನ ಎರಡು ಚೂರಿಗೆ ಒಂದೇ ನಂಬರ್ ಹಾಕಿ ಅವನಿಗೊಂದು, ಕ್ಯಾನಿನ ಹಿಡಿಗೊಂದು ಕಟ್ಟುತ್ತೇನೆ. ಎರಡು ಪ್ರಶ್ನೆ ಕೇಳುತ್ತೇನೆ: ಸದ್ದು ಬರುತ್ತಾ? ಕಡೇ ಸಲ ಏನು ಹೊಡೆದಿರಿ? ಸಂಜೆ ಅದೇ ಸ್ಟಾಪಿನಲ್ಲಿ ಕ್ಯಾನು ಇಳಿಸುತ್ತೇನೆ. ಹಿಂದೆ ನಾಲ್ಕು ಟಿಕೆಟ್, ನಾಲ್ಕು ದಿನ ಆಗುತ್ತಿದ್ದುದು ಈಗ ಒಂದೇ ದಿನದಲ್ಲಿ ಮುಗಿಯುತ್ತದೆ.

ಎರಡೂವರೆ ಗಂಟೆಯಲ್ಲಿ ಮೂರು ಕ್ಯಾನಿಗಿಂತ ಹೆಚ್ಚು ಆಗುವುದಿಲ್ಲ. ಐದು ಒಪ್ಪಿಕೊಂಡ ದಿನ ಒಂದರ ಪೈಪಿಗೆ ಕ್ಲಿಪ್ಪು ಹಾಕುವುದನ್ನೇ ಮರೆತೆ. ಹೊಡೆಯುವವನ ಬೆನ್ನ ಮೇಲೆ ಔಷಧಿ ಸೋರಿತು. ಅವನು ತಕ್ಷಣ ಅಂಗಿ ಬಿಚ್ಚಿ ಬಾವಿಯ ನೀರಿನಲ್ಲಿ ತೊಳೆದುಕೊಂಡದ್ದರಿಂದ ಏನೂ ಆಗಲಿಲ್ಲ. ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ದಿನಕ್ಕೆ ಮೂರೇ. ವಾಪಸ್ ಕೊಡುವ ಮೊದಲು ಟ್ಯಾಂಕಿಗೆ ಎರಡು ಲೀಟರ್ ಒಳ್ಳೆಯ ನೀರು ಹಾಕಿ ಪೂರ್ತಿ ಹೊಡೆದು ಖಾಲಿ ಮಾಡುತ್ತೇನೆ. ಟ್ರಿಗರ್ ಬಿಟ್ಟಾಗ ಪಂಪು ನಿಲ್ಲಬೇಕು. ನಿಂತು, ಮತ್ತೆ ಟಕ್ ಟಕ್ ಎಂದು ತಾನೇ ಓಡಿದರೆ ಎಲ್ಲೋ ಸೋರಿಕೆ ಉಳಿದಿದೆ ಎಂದರ್ಥ.

ಬದಲಿ ಕ್ಯಾನು, ಮತ್ತು ಸುಟ್ಟ ಹತ್ತಿ

ಮೂರಕ್ಕಿಂತ ಹೆಚ್ಚು ಬಂದಾಗ ಏನು ಮಾಡುವುದು? ಗುಜರಿಯಲ್ಲಿ ಸಿಕ್ಕ ಟ್ಯಾಂಕು, ಬದುಕಿದ್ದ ನಾಲ್ಕು ಬ್ಯಾಟರಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಪಂಪುಗಳು ಸೇರಿಸಿ ನಾಲ್ಕು ಕ್ಯಾನು ಕಟ್ಟಿದೆ. ರಿಪೇರಿ ತಡವಾದವರಿಗೆ ದಿನದ ಬಾಡಿಗೆಗೆ ಕೊಡತೊಡಗಿದೆ. ಇದು ರಿಪೇರಿಗಿಂತ ಬೇಗ ಬೆಳೆಯಿತು. ಅದರಿಂದಲೇ ದೊಡ್ಡ ಪೆಟ್ಟೂ ಬಿತ್ತು.

ಒಬ್ಬರು ಬಾಡಿಗೆ ಕ್ಯಾನು ಒಯ್ದು ಜೋಳದ ಹೊಲದ ಕಳೆಗೆ 2,4-ಡಿ ಹೊಡೆದರು. ತೊಳೆದೇ ವಾಪಸ್ ಕೊಟ್ಟರು. ಮೂರು ದಿನದ ಮೇಲೆ ಅದೇ ಕ್ಯಾನನ್ನು ಇನ್ನೊಬ್ಬರು ಹತ್ತಿಗೆ ಹುಳದ ಔಷಧಿ ಹೊಡೆಯಲು ಒಯ್ದರು. ವಾರದೊಳಗೆ ಅವರ ಹತ್ತಿಯ ಹೊಸ ಎಲೆಗಳು ಕಿರಿದಾಗಿ, ಬೆರಳಿನಂತೆ ಉದ್ದಕ್ಕೆ ಸೀಳಿ ಮುರುಟಿದವು. ಅಗಲವಾಗಿರಬೇಕಾದ ಹತ್ತಿ ಎಲೆ ಬೆಂಡೆ ಎಲೆಗಿಂತ ಸಣ್ಣಗೆ ಕಾಣುತ್ತಿತ್ತು. ರೋಗವೆಂದು ಮತ್ತೊಂದು ಔಷಧಿ ಹೊಡೆಯಲು ಹೊರಟಿದ್ದರು. ನಾನು ಎಲೆ ತಂದು ಕೃಷಿ ಇಲಾಖೆಯವರಿಗೆ ತೋರಿಸಿದಾಗ ಗೊತ್ತಾಯಿತು. ಹತ್ತಿ, ಟೊಮೆಟೊ, ದ್ರಾಕ್ಷಿಗೆ 2,4-ಡಿ ಕಣದಷ್ಟು ತಗುಲಿದರೂ ಸಾಕು. ಪೈಪಿನ ಒಳಮೈ, ರಬ್ಬರು ಅದನ್ನು ಹೀರಿಟ್ಟುಕೊಂಡಿರುತ್ತವೆ, ಬರೀ ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ.

ಅವರ ಮನೆಗೆ ಹೋಗಿ ತಪ್ಪು ನನ್ನದೆಂದು ಹೇಳಿದೆ. ಮುರುಟಿದ್ದು ಸುಮಾರು ಹತ್ತು ಸಾಲು. ಆ ಹಂಗಾಮಿನ ಬಾಡಿಗೆಯ ದುಡ್ಡೆಲ್ಲ ಅವರಿಗೇ ಕೊಟ್ಟೆ. ಅವರ ಮನೆಯಾಕೆ, "ಅಣ್ಣ, ನೀನು ಹೇಳ್ದೆ ಇದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದರು. ಆ ಮಾತು ನನಗೆ ಸಮಾಧಾನ ಕೊಡಲಿಲ್ಲ. ಯಾಕೆಂದರೆ ನನಗೇ ಗೊತ್ತಿರಲಿಲ್ಲ, ಗೊತ್ತಿರಬೇಕಿತ್ತು.

ಈಗ ಒಂದು ಕ್ಯಾನಿನ ಮುಚ್ಚಳ, ಹಿಡಿ, ಬೆಲ್ಟು ಎಲ್ಲಕ್ಕೂ ಕೆಂಪು ಬಣ್ಣ ಬಳಿದಿದ್ದೇನೆ. ಕಳೆಗೆ ಅದೊಂದೇ. ಉಳಿದವು ಕಳೆನಾಶಕಕ್ಕೆ ಇಲ್ಲ, ಯಾರೇ ಕೇಳಲಿ. ರಿಪೇರಿಗೆ ಬಂದ ಕ್ಯಾನಿಗೂ "ಕಡೇ ಸಲ ಏನು ಹೊಡೆದಿರಿ" ಎಂದು ಕೇಳುವುದು ಇದಕ್ಕೇ. ಕಳೆಗೆ ಬಳಸಿದ್ದರ ಪೈಪು ಬಿಚ್ಚಿ ಇನ್ನೊಂದಕ್ಕೆ ಹಾಕುವುದಿಲ್ಲ.

ಬೇಸಿಗೆಯ ಚಾರ್ಜು

ಬ್ಯಾಟರಿ ಯಾಕೆ ಸಾಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಪುಸ್ತಕದಲ್ಲೇ ಇತ್ತು. ತಿಂಗಳುವಾರು ಬರೆದದ್ದನ್ನು ತಿರುವಿದರೆ ಬ್ಯಾಟರಿ ಸತ್ತ ಕ್ಯಾನುಗಳು ಹೆಚ್ಚಿನವು ಜೂನ್ ಕೊನೆ, ಜುಲೈ ಮೊದಲಲ್ಲಿ ಬಂದಿದ್ದವು. ಅಂದರೆ ಹೊಡೆಯುವಾಗ ಸತ್ತವಲ್ಲ, ಇಟ್ಟಲ್ಲೇ ಸತ್ತವು. ಈರುಳ್ಳಿ ಕಿತ್ತ ಮೇಲೆ ಖಾಲಿ ಬ್ಯಾಟರಿಯ ಸಮೇತ ಕ್ಯಾನು ಅಟ್ಟ ಸೇರುತ್ತದೆ. ಸೀಸದ ಬ್ಯಾಟರಿ ಸುಮ್ಮನಿದ್ದರೂ ತಿಂಗಳು ತಿಂಗಳು ಸ್ವಲ್ಪ ಇಳಿಯುತ್ತದೆ, ನಮ್ಮ ಕಡೆಯ ಬಿಸಿಲಿಗೆ ಇನ್ನೂ ಬೇಗ. ಖಾಲಿಯಾಗಿ ಬಹಳ ದಿನ ಕೂತರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ, ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಕರಗುವುದಿಲ್ಲ. ಚಾರ್ಜರಿನ ಹಸಿರು ದೀಪ ಹತ್ತು ನಿಮಿಷಕ್ಕೇ ಬರುವುದು ಅದಕ್ಕೇ.

ಕಡೇ ಸಲ ಹೊಡೆದ ರಾತ್ರಿ ಪೂರ್ತಿ ಚಾರ್ಜ್, ಆಮೇಲೆ ಎರಡು ತಿಂಗಳಿಗೊಮ್ಮೆ ಒಂದು ರಾತ್ರಿ. ಇಷ್ಟು ಮಾಡಿದರೆ ಸಾಕು. ಆದರೆ ಹೇಳಿದ್ದಕ್ಕೆ ಯಾರೂ ಮಾಡಲಿಲ್ಲ. ಬೇಸಿಗೆಯಲ್ಲಿ ಕ್ಯಾನಿನ ನೆನಪು ಯಾರಿಗಿರುತ್ತದೆ? ಹಾಗಾಗಿ ನಾನೇ ಡಿಸೆಂಬರಿನಿಂದ ಬ್ಯಾಟರಿಗಳನ್ನು ಇಸಿದುಕೊಳ್ಳತೊಡಗಿದೆ. ಕ್ಯಾನು ಬೇಡ, ಬ್ಯಾಟರಿ ಮಾತ್ರ, ಹೆಸರು ಬರೆದ ಪಟ್ಟಿ ಅಂಟಿಸಿ. ಧರ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಹಲಗೆಯ ಮೇಲೆ ಸಾಲಾಗಿ ಇಟ್ಟು, ವಾರಕ್ಕೆ ಎಂಟರಂತೆ ಸರದಿಯ ಮೇಲೆ ಚಾರ್ಜ್ ಹಾಕುತ್ತೇನೆ. ನಮ್ಮ ಮನೆಯವಳು ತಾರೀಖು ಬರೆಯುತ್ತಾಳೆ, ಮುಟ್ಟಿ ನೋಡಿ ಬಿಸಿಯಾದದ್ದನ್ನು ತೆಗೆದಿಡುತ್ತಾಳೆ. ಆ ಕಣ್ಣು ನನಗಿಂತ ಅವಳಿಗೆ ಚುರುಕು. ಜೂನ್ ಮೊದಲ ವಾರ ಬಲ್ಬು ಹಾಕಿ ನೋಡಿ, ಮೀಟರಿನ ಅಂಕಿಯನ್ನು ಪಟ್ಟಿಯ ಮೇಲೇ ಬರೆದು ಬಸ್ಸಿನಲ್ಲಿ ವಾಪಸ್ ಕಳಿಸುತ್ತೇವೆ. ಹಂಗಾಮಿಗೆ ಬ್ಯಾಟರಿಗೆ ನೂರು ರೂಪಾಯಿ.

ಮೊದಲ ವರ್ಷ 17 ಬ್ಯಾಟರಿ ಬಂದವು. ಜೂನಿನಲ್ಲಿ 15 ಗಟ್ಟಿಯಾಗಿದ್ದವು. ಎರಡು ನಮ್ಮ ಕೈಗೆ ಬರುವ ಮೊದಲೇ ಹೋಗಿದ್ದವು, ಅವುಗಳ ದುಡ್ಡು ತೆಗೆದುಕೊಳ್ಳಲಿಲ್ಲ. ಈ ಸಲ ಪಡಸಾಲೆಯಲ್ಲಿ 71 ಇವೆ. ಹೊಸ ಬ್ಯಾಟರಿ ಮಾರಿದರೆ ಲಾಭ ಜಾಸ್ತಿ ಎಂದು ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿದ್ದೇನೆ. ಬೇಸಿಗೆ ಪೂರ್ತಿ ಕೆಲಸವಿಲ್ಲದೆ ಕೂರುತ್ತಿದ್ದ ನನಗೆ ಈಗ ಆರು ತಿಂಗಳು ಬಿಡದೆ ಕೆಲಸವಿದೆ, ಮತ್ತು ಬ್ಯಾಟರಿ ಕೊಟ್ಟವರು ಪಂಪಿಗೂ ನನ್ನ ಹತ್ತಿರವೇ ಬರುತ್ತಾರೆ.

ಲಿಥಿಯಂ ಬ್ಯಾಟರಿ ಹಾಕಿಕೊಡಿ, ಹಗುರ ಎಂದು ಕೆಲವರು ಕೇಳುತ್ತಾರೆ. ಹಗುರ ಹೌದು. ಆದರೆ ಹಳೆಯ ಚಾರ್ಜರ್ 14 ವೋಲ್ಟಿನ ಮೇಲೆ ಕೊಡುತ್ತದೆ, ಮೂರು ಸೆಲ್ಲಿನ ಲಿಥಿಯಂ ಪ್ಯಾಕು 12.6ಕ್ಕೆ ನಿಲ್ಲಬೇಕು. ಚಾರ್ಜರ್ ಬದಲಿಸದೆ ಹಾಕಿದರೆ ಬೆಂಕಿಗೆ ದಾರಿ. ಹಳೆಯ ಚಾರ್ಜರನ್ನು ನನ್ನ ಕೈಗೆ ಒಪ್ಪಿಸಿದವರಿಗೆ ಮಾತ್ರ ಹಾಕಿಕೊಡುತ್ತೇನೆ.

ಹೋದ ವರ್ಷದಿಂದ ಸ್ಟ್ಯಾಂಡಿನ ಹಿಂದೆ ಹತ್ತಕ್ಕೆ ಹತ್ತರ ಮಳಿಗೆ ಬಾಡಿಗೆಗೆ ಹಿಡಿದಿದ್ದೇನೆ. ಐಟಿಐ ಮುಗಿಸಿದ ಹುಡುಗನೊಬ್ಬ ಬೆಳಿಗ್ಗೆಯಿಂದ ಕೂರುತ್ತಾನೆ, ಹಾಗಾಗಿ ದಿನಕ್ಕೆ ಮೂರು ಎಂಬ ಮಿತಿ ಎಂಟಕ್ಕೆ ಏರಿದೆ. ನಾನು ಟಿಕೆಟ್ ಹರಿಯುವುದು ಬಿಟ್ಟಿಲ್ಲ. ಕ್ಯಾನು ಕೊಡುವವರು ಕೊಡುವುದು ಬಾಗಿಲಲ್ಲಿ ನಿಂತ ನನ್ನ ಕೈಗೇ. ಮುಂದಿನ ಹಂಗಾಮಿಗೆ ಪಾವಗಡ ಕಡೆಯ ಬಸ್ಸಿನ ಕಂಡಕ್ಟರೊಬ್ಬ ಆ ರೂಟಿನ ಕ್ಯಾನುಗಳನ್ನು ತಂದುಕೊಡಲು ಒಪ್ಪಿದ್ದಾನೆ. ಅವನಿಗೆ ಮೊದಲು ಹೇಳಿಕೊಟ್ಟದ್ದು ಆ ಎರಡು ಪ್ರಶ್ನೆಗಳನ್ನು.

ನಿನ್ನೆ ಬಂದದ್ದು ನಂಬರ್ 412. ಸದ್ದಿಲ್ಲ. ಬ್ಯಾಟರಿ ಬಲ್ಬಿನ ಮೇಲೆ 12.1. ಪ್ರೆಶರ್ ಸ್ವಿಚ್ಚಿನ ಎರಡು ವೈರು ಕಿತ್ತು ನೇರ ಕೂಡಿಸಿದರೆ ಪಂಪು ಓಡುತ್ತದೆ. ಸ್ವಿಚ್ಚಿನ ಒಳಗಿನ ತಗಡು ಹಸಿರು ಕಟ್ಟಿದೆ. ನೇರ ಕೂಡಿಸಿಯೇ ಕೊಟ್ಟುಬಿಡಬಹುದು, ಆದರೆ ಟ್ರಿಗರ್ ಬಿಟ್ಟಾಗ ಪಂಪು ನಿಲ್ಲದೆ ಪೈಪು ಬಿರಿಯುತ್ತದೆ. ಹೊಸ ಸ್ವಿಚ್ಚು ಗುರುವಾರ ಬರುತ್ತದೆ. ಅಲ್ಲಿಯ ತನಕ ಬದಲಿ ಕ್ಯಾನು ಕೊಟ್ಟಿದ್ದೇನೆ, ಕೆಂಪು ಬಣ್ಣದ್ದಲ್ಲ.